ಕಬ್ಬಿನ ಗರಿ ಕಣ್ಣಿಗೆ ತಾಗಿದರೆ: ಶಿಲೀಂಧ್ರದ ಹುಣ್ಣು, ಕೈತಪ್ಪುವ ದಿನಗಳು, ಗಂಟೆಗೊಂದು ಹನಿ

ಬೆಳೆ ರೋಗಗಳ ಬಗ್ಗೆ ಬರೆಯೋ ನಾನು ಈ ವಾರ ಬೆಳೆಗಾರರ ಕಣ್ಣಿನ ರೋಗವೊಂದರ ಬಗ್ಗೆ ಬರೀತಿದ್ದೇನೆ. ನಾನು ಕಣ್ಣಿನ ಡಾಕ್ಟರ್ ಅಲ್ಲ, ಓದಿದ್ದು ತೋಟಗಾರಿಕೆ. ಆದರೆ ಈ ರೋಗ ತರುವ ಶಿಲೀಂಧ್ರದ ಹೆಸರು ನಮಗೆಲ್ಲ ಗೊತ್ತಿರುವಂಥದ್ದೇ. ಬಾಳೆಗೆ ಪನಾಮ ಸೊರಗು ರೋಗ ತರುವ ಫ್ಯುಸೇರಿಯಂ ಕುಲದ್ದೇ ಬೇರೆ ಜಾತಿಗಳು ಮನುಷ್ಯನ ಕಣ್ಣಲ್ಲೂ ಬೆಳೆಯುತ್ತವೆ. ಹೋದ ವರ್ಷ ಅರಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಬಲಗಣ್ಣಲ್ಲಿ ಅದು ಬೆಳೀತು. ಕಣ್ಣು ಉಳೀತು, ದೃಷ್ಟಿ ಪೂರ್ತಿ ಉಳೀಲಿಲ್ಲ. ಒಂಬತ್ತು ದಿನ ತಡವಾಗಿದ್ದೇ ಅದಕ್ಕೆ ಮುಖ್ಯ ಕಾರಣ. ಆ ಒಂಬತ್ತು ದಿನ ಎಲ್ಲಿ ಹೋದವು ಅನ್ನೋದನ್ನ ಮೊದಲು ಹೇಳ್ತೀನಿ, ಚಿಕಿತ್ಸೆಯ ವಿಚಾರ ಆಮೇಲೆ.

ಗರಿ ತಾಗಿದಾಗ ಕಣ್ಣಲ್ಲಿ ಏನಾಗುತ್ತೆ

ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಥರ ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಅದರ ಮೇಲೊಂದು ತೆಳುವಾದ ಚರ್ಮ ಇರುತ್ತೆ. ಈ ಚರ್ಮ ಗಟ್ಟಿಯಾಗಿರುವ ತನಕ ಶಿಲೀಂಧ್ರಕ್ಕೆ ಒಳಗೆ ಹೋಗೋಕೆ ದಾರಿ ಸಿಗೋದು ಬಹಳ ಕಷ್ಟ. ಕಬ್ಬಿನ ಗರಿ, ಭತ್ತದ ಹುಲ್ಲು, ಒಣ ಕಡ್ಡಿ, ಮುಳ್ಳು, ಹಸುವಿನ ಬಾಲ, ಇವುಗಳಲ್ಲಿ ಯಾವುದು ಗೀರಿದರೂ ಚರ್ಮ ಹರಿಯುತ್ತೆ. ಗೀರಿದ ವಸ್ತುವಿನ ಮೇಲೆ ಶಿಲೀಂಧ್ರದ ಕಣಗಳಿದ್ದರೆ ಅದೇ ಹೊತ್ತಿಗೆ ಒಳಗೆ ಬಿತ್ತನೆಯೂ ಆಗಿಬಿಡುತ್ತೆ.

ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ನಮಗೆ ಅದು ಪಾರದರ್ಶಕವಾಗಿ ಇರ್ತಿರಲಿಲ್ಲ. ಆದರೆ ರಕ್ತ ಇಲ್ಲದ ಜಾಗಕ್ಕೆ ದೇಹದ ಕಾವಲು ನಿಧಾನವಾಗಿ ಬರುತ್ತೆ, ನುಂಗಿದ ಮಾತ್ರೆಯೂ ಸರಿಯಾಗಿ ತಲುಪಲ್ಲ. ಹಾಗಾಗಿ ಶಿಲೀಂಧ್ರಕ್ಕೆ ಮೊದಲ ಕೆಲವು ದಿನ ಯಾರ ಕಾಟವೂ ಇಲ್ಲ. ಅದು ದಾರದ ಥರ ಎಳೆ ಬಿಡ್ತಾ ಮೇಲಿನಿಂದ ಒಳಕ್ಕೆ, ಅಕ್ಕಪಕ್ಕಕ್ಕೆ ನಿಧಾನವಾಗಿ ಹೋಗುತ್ತೆ. ಬ್ಯಾಕ್ಟೀರಿಯಾ ಹುಣ್ಣು ಒಂದೆರಡು ದಿನದಲ್ಲೇ ಜೋರು ಮಾಡಿ ಮನುಷ್ಯನನ್ನ ಆಸ್ಪತ್ರೆಗೆ ಓಡಿಸುತ್ತೆ. ಶಿಲೀಂಧ್ರದ ಹುಣ್ಣು ಸಾಮಾನ್ಯವಾಗಿ ಹಾಗೆ ಮಾಡಲ್ಲ. ಮೋಸ ಹೋಗೋದು ಇಲ್ಲೇ.

ಒಂಬತ್ತು ದಿನದ ಲೆಕ್ಕ

ಮೊದಲ ದಿನ. ಜನವರಿಯಲ್ಲಿ ಕಬ್ಬು ಕಡಿಯೋ ಸಮಯ. ತರಗು ಬಿಡಿಸ್ತಾ ಬಗ್ಗಿದಾಗ ಒಣಗರಿಯ ಅಂಚು ಚಿಕ್ಕಪ್ಪನ ಬಲಗಣ್ಣಿಗೆ ಗೀರಿತು. ನಾಲೆ ನೀರಲ್ಲಿ ಕಣ್ಣು ತೊಳೆದು, ಹೆಗಲ ಮೇಲಿನ ಟವೆಲ್ಲಲ್ಲಿ ಒರೆಸಿಕೊಂಡು ಕೆಲಸ ಮುಂದುವರಿಸಿದರು. ಸಂಜೆಗೆ ನೀರು ಸುರಿಯೋಕೆ ಶುರುವಾಯ್ತು, ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಚಿಕ್ಕಮ್ಮ ಎರಡು ತೊಟ್ಟು ಹರಳೆಣ್ಣೆ ಬಿಟ್ಟರು.

ಎರಡನೇ, ಮೂರನೇ ದಿನ. ನೋವು ಕಡಿಮೆ ಆಯ್ತು. ನಾನು ಕೇಳಿದ್ದಕ್ಕೆ "ಏನೂ ಆಗಿಲ್ಲ ಕಣ್ಲಾ, ಗರಿ ತಾಕ್ತು ಅಷ್ಟೇಯ" ಅಂದರು. ಚಿಕ್ಕ ಗೀರಾದರೆ ಮೇಲಿನ ಚರ್ಮ ಒಂದೆರಡು ದಿನದಲ್ಲಿ ಬೆಳೆದು ಮುಚ್ಚಿಕೊಳ್ಳೋಕೆ ನೋಡುತ್ತೆ. ಅದಕ್ಕೇ ನೋವು ಇಳಿದಿದ್ದು. ಅಡಿಯಲ್ಲಿ ಸಿಕ್ಕಿಕೊಂಡ ಶಿಲೀಂಧ್ರ ಹೋಗಿತ್ತು ಅಂತಲ್ಲ.

ನಾಲ್ಕನೇ ದಿನ. ಕಣ್ಣು ಮತ್ತೆ ಕೆಂಪಾಯ್ತು, ಬೆಳಕು ನೋಡೋಕೆ ಆಗ್ತಿರಲಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ಒಂದು ಮೆಡಿಕಲ್ ಅಂಗಡಿಯಲ್ಲಿ ಡ್ರಾಪ್ಸ್ ತಂದರು. ಐದನೇ, ಆರನೇ ದಿನ ಕೆಂಪು ಚೆನ್ನಾಗಿ ಇಳೀತು. ಒಳ್ಳೇ ಡ್ರಾಪ್ಸ್ ಸಿಕ್ಕಿತು ಅಂತ ಮನೆಯವರೆಲ್ಲ ಸಮಾಧಾನವಾದರು.

ಎಂಟನೇ ದಿನ. ಕಾಫಿಗೆ ಕೂತಾಗ ನಾನೇ ಗಮನಿಸಿದೆ. ಕರಿಗುಡ್ಡೆ ಮೇಲೆ, ನಡುವಿನಿಂದ ಸ್ವಲ್ಪ ಕೆಳಗೆ, ಅಕ್ಕಿಕಾಳಿನ ಅರ್ಧದಷ್ಟು ಬೂದುಬಿಳಿ ಚುಕ್ಕೆ. ಎಡಗಣ್ಣು ಮುಚ್ಚಿಸಿ ನನ್ನ ಫೋನ್ ತೋರಿಸಿದರೆ ಮಂಜು ಮಂಜು ಅಂದರು. ಡ್ರಾಪ್ಸ್ ಬಾಟಲಿ ತಿರುಗಿಸಿ ಓದಿದೆ. ಒಂದು ಆ್ಯಂಟಿಬಯೋಟಿಕ್, ಜೊತೆಗೆ ಡೆಕ್ಸಾಮೆಥಾಸೋನ್. ಅಂದರೆ ಸ್ಟೆರಾಯ್ಡ್.

ಒಂಬತ್ತನೇ ದಿನ ಬೆಳಿಗ್ಗೆ ಮೈಸೂರಿನ ಕಣ್ಣಿನ ಆಸ್ಪತ್ರೆಯಲ್ಲಿದ್ದೆವು.

ಆ ಡ್ರಾಪ್ಸ್ ಯಾಕೆ ಕೆಡಿಸಿತು

ಭತ್ತದ ಉದಾಹರಣೆಯಲ್ಲಿ ಹೇಳೋದು ಸುಲಭ. ದುಂಡಾಣು ಅಂಗಮಾರಿಗೆ ಹೊಡೆಯುವ ಸ್ಟ್ರೆಪ್ಟೋಸೈಕ್ಲಿನ್ ಬೆಂಕಿ ರೋಗಕ್ಕೆ ಕೆಲಸ ಮಾಡಲ್ಲ, ಯಾಕಂದ್ರೆ ಒಂದು ಬ್ಯಾಕ್ಟೀರಿಯಾ, ಇನ್ನೊಂದು ಶಿಲೀಂಧ್ರ. ಕಣ್ಣಲ್ಲೂ ಅದೇ ಕಥೆ. ಸಾಮಾನ್ಯ ಆ್ಯಂಟಿಬಯೋಟಿಕ್ ಡ್ರಾಪ್ಸ್ ಬ್ಯಾಕ್ಟೀರಿಯಾಕ್ಕೆ. ಈಗಾಗಲೇ ಬೇರೂರಿದ ಶಿಲೀಂಧ್ರವನ್ನ ಅದು ಕೊಲ್ಲಲ್ಲ.

ಸ್ಟೆರಾಯ್ಡ್ ಇನ್ನೂ ಕೆಟ್ಟದ್ದು. ಕಣ್ಣು ಕೆಂಪಾಗೋದು, ಊದಿಕೊಳ್ಳೋದು ಅಂದರೆ ದೇಹ ಹೋರಾಡ್ತಿದೆ ಅಂತ. ಸ್ಟೆರಾಯ್ಡ್ ಆ ಹೋರಾಟವನ್ನ ತಗ್ಗಿಸುತ್ತೆ. ಕೆಂಪು ಹೋಗುತ್ತೆ, ಶಿಲೀಂಧ್ರ ಮಾತ್ರ ಅಡೆತಡೆ ಇಲ್ಲದೆ ಒಳಕ್ಕೆ ಇಳಿಯುತ್ತೆ. ನೋಡೋರಿಗೆ ವಾಸಿಯಾದ ಹಾಗೆ ಕಾಣೋ ದಿನಗಳಲ್ಲೇ ಹುಣ್ಣು ಆಳವಾಗ್ತಿರುತ್ತೆ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೊಲೋನ್ ಈ ಮೂರರಲ್ಲಿ ಯಾವ ಹೆಸರಿದ್ದರೂ ಅದು ಸ್ಟೆರಾಯ್ಡ್. ಗಿಡ, ಗರಿ, ಹುಲ್ಲು ತಾಗಿದ ಕಣ್ಣಿಗೆ ಕಣ್ಣಿನ ಡಾಕ್ಟರ್ ನೋಡದೆ ಅದನ್ನ ಹಾಕಲೇಬೇಡಿ. ಪಕ್ಕದ ಮನೆಯವರ ಆಪರೇಷನ್ ಆದ ಕಣ್ಣಿಗೆ ಕೊಟ್ಟಿದ್ದ ಉಳಿದ ಡ್ರಾಪ್ಸ್ ತಂದು ಹಾಕೋ ಅಭ್ಯಾಸ ನಮ್ಮೂರಲ್ಲಿದೆ. ಅದರಲ್ಲೂ ಬಹಳ ಸಲ ಇರೋದು ಇದೇ.

ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ರಸ, ನಾಲಗೆಯಲ್ಲಿ ಕಸ ತೆಗೆಯೋದು, ಇವೂ ಬೇಡ. ಹರಿದ ಚರ್ಮದ ಮೇಲೆ ಕೀಟಾಣು ಇರುವ ಯಾವ ದ್ರವ ಬಿದ್ದರೂ ಅದು ಎರಡನೇ ಬಿತ್ತನೆ. ನಾನು ಸಾವಯವ ಕೃಷಿ ಮಾಡೋನು, ಮನೆಮದ್ದಿನ ಬಗ್ಗೆ ಹಗೆ ಇಲ್ಲ. ಆದರೆ ಗೀರಿದ ಕಾರ್ನಿಯಾ ಅದಕ್ಕೆ ಜಾಗ ಅಲ್ಲ.

ಆಸ್ಪತ್ರೆಯಲ್ಲಿ ಏನು ಮಾಡಿದರು

ಮೊದಲು ಕಣ್ಣಿಗೆ ಕಿತ್ತಳೆ ಬಣ್ಣದ ಒಂದು ಡೈ ತಾಗಿಸಿ ನೀಲಿ ಬೆಳಕಲ್ಲಿ ನೋಡಿದರು. ಚರ್ಮ ಹರಿದ ಜಾಗ ಹಸಿರಾಗಿ ಹೊಳೆಯುತ್ತೆ. ಚಿಕ್ಕಪ್ಪನ ಹುಣ್ಣಿನ ಮೇಲ್ಮೈ ಒಣಗಿದಂತೆ ಸ್ವಲ್ಪ ಉಬ್ಬಿತ್ತು. ಅಂಚು ನೀಟಾಗಿರಲಿಲ್ಲ, ಹಕ್ಕಿ ಗರಿಯ ತುದಿಯ ಹಾಗೆ ಎಳೆ ಎಳೆಯಾಗಿತ್ತು. ಪಕ್ಕದಲ್ಲಿ ಒಂದು ಚಿಕ್ಕ ಚುಕ್ಕೆ ಬೇರೆಯಾಗಿ ಕೂತಿತ್ತು. ಈ ಮೂರು ಲಕ್ಷಣ ಕಂಡರೆ ಶಿಲೀಂಧ್ರದ ಅನುಮಾನ ಜಾಸ್ತಿ. ಆದರೂ ಬರೀ ನೋಡಿ ತೀರ್ಮಾನ ಮಾಡೋದು ಸಾಲದು, ಬ್ಯಾಕ್ಟೀರಿಯಾ ಹುಣ್ಣೂ ಕೆಲವೊಮ್ಮೆ ಹೀಗೇ ಕಾಣುತ್ತೆ.

ಅದಕ್ಕೇ ಕೆರೆದು ಪರೀಕ್ಷೆ ಮಾಡ್ತಾರೆ. ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಮೇಲಿಂದ ಚೂರು ಕೆರೆದು ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಆ ದ್ರಾವಣ ಜೀವಕೋಶಗಳನ್ನ ಕರಗಿಸುತ್ತೆ, ಶಿಲೀಂಧ್ರದ ಎಳೆ ಹಾಗೇ ಉಳಿದು ಕಾಣುತ್ತೆ. ಕಾಲೇಜಲ್ಲಿ ರೋಗ ಬಂದ ಎಲೆಯನ್ನ ನಾವು ನೋಡ್ತಿದ್ದ ರೀತಿಯದ್ದೇ ಪರೀಕ್ಷೆ ಇದು. ಫಲಿತಾಂಶ ಅವತ್ತೇ ಬಂತು: ಎಳೆಗಳಿವೆ. ಉಳಿದ ಚೂರನ್ನ ಕಲ್ಚರ್‌ಗೆ ಹಾಕಿದ್ದರು, ಕೆಲವು ದಿನ ಬಿಟ್ಟು ಫ್ಯುಸೇರಿಯಂ ಅಂತ ವರದಿ ಬಂತು. ಚಿಕಿತ್ಸೆ ಮಾತ್ರ ಅದಕ್ಕೆ ಕಾಯಲಿಲ್ಲ.

ನಾಟಾಮೈಸಿನ್: ಗಂಟೆಗೊಂದು ಹನಿ

ಬರೆದುಕೊಟ್ಟಿದ್ದು ಶೇ. 5ರ ನಾಟಾಮೈಸಿನ್ ಡ್ರಾಪ್ಸ್. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಲ್ಲಿ ಸಿಕ್ಕ ಒಂದು ಸ್ಟ್ರೆಪ್ಟೊಮೈಸಿಸ್ ಜೀವಿಯಿಂದ ಬಂದ ಔಷಧಿ ಇದು. ರೋಗವೂ ಮಣ್ಣಿನಿಂದ, ಮದ್ದೂ ಮಣ್ಣಿನಿಂದ. ಹೊಸದಾಗಿ ಬಂದ ವೊರಿಕೊನಜೋಲ್ ಇದಕ್ಕಿಂತ ಮೇಲು ಅಂತ ಒಂದು ಕಾಲಕ್ಕೆ ಅಂದುಕೊಂಡಿದ್ದರು. ತಮಿಳುನಾಡು, ಪುದುಚೇರಿಯ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಹೋಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ನಾಟಾಮೈಸಿನ್ ಹಾಕಿದವರ ದೃಷ್ಟಿ ಹೆಚ್ಚು ಉಳಿದಿತ್ತು, ಕಣ್ಣು ತೂತಾಗಿದ್ದೂ ಕಡಿಮೆ. ಅದರಲ್ಲೂ ಫ್ಯುಸೇರಿಯಂ ಹುಣ್ಣಲ್ಲಿ ವ್ಯತ್ಯಾಸ ಎದ್ದು ಕಾಣ್ತಿತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇದಕ್ಕೊಂದು ಮಿತಿ ಇದೆ. ನಾಟಾಮೈಸಿನ್ ಕಾರ್ನಿಯಾದ ಆಳಕ್ಕೆ ಸರಿಯಾಗಿ ಇಳಿಯಲ್ಲ. ಹುಣ್ಣು ಮೇಲ್ಮಟ್ಟದಲ್ಲಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತೆ, ಆಳಕ್ಕೆ ಹೋದ ಮೇಲೆ ಬಲ ಸಾಲದು. ತಡವಾದ ಒಂದೊಂದು ದಿನವೂ ಲೆಕ್ಕಕ್ಕೆ ಬರೋದು ಇದೇ ಕಾರಣಕ್ಕೆ. ಇದೇ ಔಷಧಿ, ಇದೇ ಡಾಕ್ಟರ್, ಆದರೆ ಮೂರನೇ ದಿನ ಹೋದವನಿಗೆ ಸಿಗೋ ಫಲ ಒಂಬತ್ತನೇ ದಿನ ಹೋದವನಿಗೆ ಸಿಗಲ್ಲ. ಚಿಕಿತ್ಸೆ ನಡುವೆ ಡಾಕ್ಟರ್ ಮತ್ತೆ ಹುಣ್ಣು ಕೆರೆಯೋದೂ ಉಂಟು, ಔಷಧಿ ಒಳಗೆ ಇಳೀಲಿ ಅಂತ.

ಮನೆಯಲ್ಲಿ ನಾವು ಮಾಡಿದ್ದು ಹೀಗೆ. ಮೊದಲ ಎರಡು ದಿನ ರಾತ್ರಿಯೂ ಸೇರಿ ಗಂಟೆಗೊಂದು ಹನಿ. ಚಿಕ್ಕಮ್ಮನ ಫೋನಲ್ಲಿ ಪ್ರತಿ ಗಂಟೆಗೂ ಅಲಾರಂ ಇಟ್ಟೆ. ಆಮೇಲೆ ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ, ಒಂದು ವಾರ ಕಳೆದು ಡಾಕ್ಟರ್ ನೋಡಿದ ಮೇಲೆ ಎರಡು ಗಂಟೆಗೊಮ್ಮೆ. ಕಡಿಮೆ ಮಾಡಿದ್ದು ಡಾಕ್ಟರ್, ನಾವಲ್ಲ. ಒಟ್ಟು ಆರು ವಾರ ಹಾಕಿದೆವು. ನಿಮ್ಮ ಕಣ್ಣಿಗೆ ಎಷ್ಟು ಸಲ, ಎಷ್ಟು ದಿನ ಅನ್ನೋದು ಹುಣ್ಣು ನೋಡಿ ಡಾಕ್ಟರ್ ಹೇಳಬೇಕು. ಸುಲಭದ ಹುಣ್ಣಿಗೂ ಎರಡು ಮೂರು ವಾರ ಬೇಕಾಗೋದು ಸಾಮಾನ್ಯ.

ಕೈಗೆ ಬಂದ ಅನುಭವದ ಕೆಲವು ಮಾತು ಹೇಳ್ತೀನಿ. ಬಾಟಲಿಯಲ್ಲಿರೋದು ಬಿಳಿ ಗಸಿ ಇರುವ ದ್ರವ, ನಿಂತರೆ ಗಸಿ ತಳಕ್ಕೆ ಕೂರುತ್ತೆ. ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸದಿದ್ದರೆ ನೀರು ಮಾತ್ರ ಕಣ್ಣಿಗೆ ಬೀಳುತ್ತೆ, ಮದ್ದು ಬಾಟಲಿಯಲ್ಲೇ ಉಳಿಯುತ್ತೆ. ಹಾಕಿದ ಮೇಲೆ ಹುಣ್ಣಿನ ಮೇಲೆ, ರೆಪ್ಪೆ ಅಂಚಲ್ಲಿ ಬಿಳಿ ಪುಡಿ ಅಂಟಿಕೊಳ್ಳೋದು ಸಹಜ, ಅದನ್ನ ಕೀವು ಅಂತ ಗಾಬರಿಯಾಗಿ ನಿಲ್ಲಿಸಬೇಡಿ. ಬೇರೆ ಡ್ರಾಪ್ಸ್ ಕೂಡ ಕೊಟ್ಟಿದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಒಂದು ಇನ್ನೊಂದನ್ನ ತೊಳೆದುಬಿಡುತ್ತೆ. ಬಾಟಲಿ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು.

ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 5 ಎಂ.ಎಲ್. ಬಾಟಲಿಯಲ್ಲಿ ಹೆಚ್ಚುಕಡಿಮೆ 100 ಹನಿ. ದಿನಕ್ಕೆ 24 ಹನಿ ಅಂದರೆ ನಾಲ್ಕೇ ದಿನಕ್ಕೆ ಖಾಲಿ. ಹೊರಗೆ ಚೆಲ್ಲಿದರೆ ಇನ್ನೂ ಬೇಗ. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಈ ಡ್ರಾಪ್ಸ್ ಹುಡುಕಿದರೂ ಸಿಗಲಿಲ್ಲ. ಮೈಸೂರಿಂದ ಹೊರಡುವಾಗಲೇ ಎರಡು ಬಾಟಲಿ ತಂದಿದ್ದು ನಮ್ಮನ್ನ ಉಳಿಸಿತು.

ಇನ್ನೊಂದು ಮುಖ್ಯ ವಿಷಯ. ಸ್ಟೆರಾಯ್ಡ್ ನಿಲ್ಲಿಸಿದ ಎರಡನೇ ದಿನಕ್ಕೆ ಕಣ್ಣು ಮೊದಲಿಗಿಂತ ಕೆಂಪಾಯ್ತು, ನೋವೂ ಜಾಸ್ತಿ. "ಹಳೇ ಡ್ರಾಪ್ಸೇ ಚೆನ್ನಾಗಿತ್ತು, ಇದು ಉರಿ ಹತ್ತಿಸ್ತಾ ಅದೆ" ಅಂತ ಚಿಕ್ಕಪ್ಪ ಹಟ ಹಿಡಿದರು. ಡಾಕ್ಟರಿಗೆ ಫೋನ್ ಮಾಡಿದೆ. ಅದುಮಿಟ್ಟ ಹೋರಾಟ ಈಗ ಎದ್ದಿದೆ, ಹೀಗಾಗೋದು ನಿರೀಕ್ಷಿತ, ಆದರೂ ನಾಳೆ ಬಂದು ತೋರಿಸಿ ಅಂದರು. ಹೋಗಿ ತೋರಿಸಿದೆವು. ಹುಣ್ಣು ದೊಡ್ಡದಾಗಿರಲಿಲ್ಲ. ಆ ಹೊತ್ತಲ್ಲಿ ಹಳೇ ಬಾಟಲಿಗೆ ಕೈ ಹಾಕಿದ್ದರೆ ಕಣ್ಣೇ ಹೋಗ್ತಿತ್ತೇನೋ.

ವಾಸಿಯಾಗ್ತಿದೆ ಅಂತ ಹೇಗೆ ತಿಳಿಯೋದು? ಡಾಕ್ಟರ್ ನೋಡೋದು ಅಂಚನ್ನ. ಎಳೆ ಎಳೆಯಾಗಿದ್ದ ಅಂಚು ಮೊಂಡಾಗ್ತಾ ದುಂಡಗಾಗುತ್ತೆ, ಪಕ್ಕದ ಚುಕ್ಕೆ ಮಾಸುತ್ತೆ, ಹಸಿರು ಹೊಳೆಯುವ ಜಾಗ ಚಿಕ್ಕದಾಗುತ್ತೆ. ಇದು ನಿಧಾನ, ನಮಗೆ ಮೊದಲ ವ್ಯತ್ಯಾಸ ಕಂಡಿದ್ದು ಐದನೇ ದಿನಕ್ಕೆ. ಹಾಗಲ್ಲದೆ ಬಿಳಿ ಭಾಗ ಹರಡಿದರೆ, ಕರಿಗುಡ್ಡೆಯ ತಳದಲ್ಲಿ ಬಿಳಿ ಕೀವಿನ ಗೆರೆ ನಿಂತರೆ, ಇದ್ದಕ್ಕಿದ್ದ ಹಾಗೆ ಬಿಸಿನೀರು ಹರಿದಂತಾಗಿ ದೃಷ್ಟಿ ಕುಸಿದರೆ, ಮುಂದಿನ ಭೇಟಿಗೆ ಕಾಯದೆ ಅವತ್ತೇ ಹೋಗಬೇಕು. ಕೊನೆಯದ್ದು ಕಣ್ಣು ತೂತಾಗಿರುವ ಲಕ್ಷಣ ಇರಬಹುದು. ಅಂಥ ಸ್ಥಿತಿಯಲ್ಲಿ ದಾನ ಬಂದ ಕಾರ್ನಿಯಾ ಕೂರಿಸುವ ಆಪರೇಷನ್ ಬೇಕಾಗುತ್ತೆ, ಅದಾದರೂ ದೃಷ್ಟಿ ಮರಳುತ್ತೆ ಅನ್ನೋ ಖಾತ್ರಿ ಇಲ್ಲ.

ಚಿಕ್ಕಪ್ಪನಿಗೆ ಅಲ್ಲಿತನಕ ಹೋಗಲಿಲ್ಲ. ಹುಣ್ಣು ಮಾಯಿತು, ಕಲೆ ಉಳೀತು. ನಮ್ಮ ಹಿರಿಯರು ಕಣ್ಣಲ್ಲಿ ಹೂ ಬಿದ್ದಿದೆ ಅಂತಿದ್ದರಲ್ಲ, ಅದೇ. ಬಲಗಣ್ಣಲ್ಲಿ ಬಸ್ಸಿನ ಬೋರ್ಡ್ ಕಾಣುತ್ತೆ, ಪಹಣಿ ಓದೋಕೆ ಆಗಲ್ಲ. ರಾತ್ರಿ ಎದುರು ಗಾಡಿಯ ಲೈಟ್ ಬಿದ್ದರೆ ಇಡೀ ಕಣ್ಣು ಬೆಳ್ಳಗಾಗುತ್ತೆ ಅಂತಾರೆ. ಟ್ರ್ಯಾಕ್ಟರ್ ಈಗ ನಮ್ಮ ತಮ್ಮ ಓಡಿಸ್ತಾನೆ.

ಮೊದಲ ದಿನ ಮಾಡಬೇಕಿದ್ದದ್ದು

ನೇಪಾಳದ ಭಕ್ತಪುರದಲ್ಲಿ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯ್ತು. ಕಾರ್ನಿಯಾ ಗೀರಿದ 442 ಜನರಿಗೆ ಹಳ್ಳಿಯ ಕಾರ್ಯಕರ್ತರೇ ಆ್ಯಂಟಿಬಯೋಟಿಕ್ ಮುಲಾಮು ಹಾಕಿದ್ದರು, ದಿನಕ್ಕೆ ಮೂರು ಸಲ, ಮೂರು ದಿನ. ಗೀರಿ 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದ ಮೇಲೆ, ಎರಡು ದಿನದೊಳಗೆ ಬಂದವರು 49 ಜನ. ಅವರಲ್ಲಿ 14 ಜನರಿಗೆ ಹುಣ್ಣಾಯಿತು. ಬೇರೂರಿದ ಶಿಲೀಂಧ್ರದ ಮೇಲೆ ಆ ಮುಲಾಮು ನಡೆಯಲ್ಲ ಅಂತ ಆಗಲೇ ಹೇಳಿದೆ. ಆದರೆ ಹುಣ್ಣು ಶುರುವಾಗೋ ಮೊದಲೇ ಗೀರನ್ನ ಕಾಪಾಡಿ ಚರ್ಮ ಮುಚ್ಚಿಕೊಳ್ಳೋಕೆ ಬಿಟ್ಟರೆ ಬಹುಪಾಲು ಕಣ್ಣು ಉಳಿಯುತ್ತೆ. ಅಂದರೆ ಹೆಚ್ಚಿನ ಬೆಲೆ ಇರೋದು ಮೊದಲ ದಿನಕ್ಕೆ.

ಹಾಗಾಗಿ ಗರಿಯೋ ಹುಲ್ಲೋ ತಾಗಿದರೆ ಕಣ್ಣು ಉಜ್ಜಬೇಡಿ. ನಾಲೆ ನೀರು ಬೇಡ, ಕುಡಿಯೋ ಬಾಟಲಿಯ ನೀರಲ್ಲೇ ಮೆಲ್ಲಗೆ ತೊಳೆಯಿರಿ. ಚೂರು ಚುಚ್ಚಿಕೊಂಡಿದ್ದರೆ ಕೀಳಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ, ಬೆಚ್ಚಗೆ ಮುಚ್ಚಿದ ಕಣ್ಣಲ್ಲಿ ಕೀಟಾಣು ಚೆನ್ನಾಗಿ ಬೆಳೆಯುತ್ತೆ. ತೊಳೆದ ಮೇಲೂ ಚುಚ್ಚುತ್ತಿದ್ದರೆ, ನೀರು ಸುರೀತಿದ್ದರೆ, ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮಂಡ್ಯದ ಮಿಮ್ಸ್ ಇಲ್ಲವೇ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ. ನಾಗಮಂಗಲ, ಕೆ.ಆರ್. ಪೇಟೆ ಕಡೆಯವರಿಗೆ ಬೆಳ್ಳೂರು ಹತ್ತಿರದ ಬಿ.ಜಿ. ನಗರದ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದೆ.

ಅಲ್ಲಿ ಮೊದಲ ಮಾತೇ "ಕಬ್ಬಿನ ಗರಿ ತಾಗಿತು" ಅಂತ ಇರಲಿ. ಬರೀ ಕಣ್ಣು ನೋವು ಅಂದರೆ ಡಾಕ್ಟರ್ ಯೋಚನೆ ಬೇರೆ ಕಡೆ ಹೋಗಬಹುದು. ಈಗಾಗಲೇ ಹಾಕಿರೋ ಡ್ರಾಪ್ಸ್ ಬಾಟಲಿ ಜೊತೆಗೆ ಒಯ್ಯಿರಿ. ಬೈಸಿಕೊಳ್ಳಬೇಕಾಗುತ್ತೆ ಅಂತ ಮುಚ್ಚಿಡಬೇಡಿ, ಚಿಕ್ಕಪ್ಪನ ಬಾಟಲಿ ನೋಡಿದ ಮೇಲೇ ಡಾಕ್ಟರಿಗೆ ಅರ್ಧ ಕಥೆ ಅರ್ಥವಾಗಿದ್ದು. ಬಿಳಿ ಚುಕ್ಕೆ ಇದ್ದರೆ "ಕೆರೆದು ಪರೀಕ್ಷೆ ಮಾಡ್ತೀರಾ ಸಾರ್" ಅಂತ ಕೇಳೋದರಲ್ಲಿ ತಪ್ಪಿಲ್ಲ.

ಗೀರಿದ ಮೇಲೆ ಒಂದು ವಾರ ದಿನಾ ಬೆಳಿಗ್ಗೆ ಜಗಲಿ ಬೆಳಕಲ್ಲಿ, ಫ್ಲಾಶ್ ಇಲ್ಲದೆ, ಆ ಕಣ್ಣಿನ ಒಂದು ಫೋಟೋ ತೆಗೆದಿಡಿ. ಜೊತೆಗೆ ಒಳ್ಳೇ ಕಣ್ಣು ಮುಚ್ಚಿಕೊಂಡು ಫೋನಿನ ಅಕ್ಷರ ಓದಿ ನೋಡಿ. ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ, ನಿನ್ನೆಗಿಂತ ಇವತ್ತು ಮಂಜಾದರೆ, ನೋವು ಇಲ್ಲದಿದ್ದರೂ ಹೊರಡಿ. ಫೋಟೋದಲ್ಲಿ ಏನೂ ಕಾಣಲಿಲ್ಲ ಅಂತ ನೆಮ್ಮದಿಯಾಗೋಕೂ ಆಗಲ್ಲ, ಶುರುವಿನ ಹುಣ್ಣು ಫೋನಿಗೆ ಕಾಣದೇ ಇರಬಹುದು. ಚುಚ್ಚೋದು, ನೀರು ಸುರಿಯೋದು ಮುಂದುವರಿದರೆ ಅದೇ ಸಾಕಷ್ಟು ಕಾರಣ.

ನಮ್ಮ ಗುಂಪಿನವರು ಈಗ ತರಗು ಬಿಡಿಸುವಾಗ, ಭತ್ತ ಬಡಿಯುವಾಗ, ಕಳೆ ಕತ್ತರಿಸುವ ಮೆಷಿನ್ ಹಿಡಿದಾಗ ವೆಲ್ಡಿಂಗ್ ಅಂಗಡಿಯವರು ಗ್ರೈಂಡಿಂಗ್‌ಗೆ ಹಾಕೋ ಪ್ಲಾಸ್ಟಿಕ್ ಕನ್ನಡಕ ಹಾಕ್ತೀವಿ. ಬೆವರಿಗೆ ಮಂಜು ಕಟ್ಟುತ್ತೆ, ಆಗಾಗ ತೆಗೆದು ಒರೆಸಬೇಕು, ನಿಜ. ಅಂಚು ಪೂರ್ತಿ ಮುಚ್ಚಿರೋದಕ್ಕಿಂತ ಪಕ್ಕದಲ್ಲಿ ಗಾಳಿ ಕಿಂಡಿ ಇರೋದು ನಮಗೆ ವಾಸಿ ಅನ್ನಿಸಿದೆ. ಚಿಕ್ಕಪ್ಪ ಈಗ ಅದನ್ನ ಹಾಕದೆ ಗದ್ದೆಗೆ ಇಳಿಯಲ್ಲ. ಆಳುಗಳಿಗೂ ಅವರೇ ಹೇಳ್ತಾರೆ: "ಹಾಕ್ಕೊಳ್ರಪ್ಪಾ, ಒಂದು ಗರಿಗೆ ಆರು ವಾರ ಕೂತಿದ್ದೀನಿ."